ಯಾವುದು ಮೊದಲು ಮುಗಿಯುತ್ತದೆ?

ಎರಡು ಕೆ.ಜಿ. ನೈಟ್ರೋಜನ್ ಇದೆ, ಒಂದು ಕೆ.ಜಿ. ಹೈಡ್ರೋಜನ್ ಇದೆ. ಎರಡೂ ಸೇರಿ ಅಮೋನಿಯ ಆಗಬೇಕು. ಎಷ್ಟು ಅಮೋನಿಯ ಸಿಗುತ್ತದೆ? ಯಾವ ಅನಿಲ ಮಿಕ್ಕುತ್ತದೆ, ಎಷ್ಟು ಮಿಕ್ಕುತ್ತದೆ?

ಪ್ರಥಮ ಪಿಯುಸಿಯ ರಸಾಯನವಿಜ್ಞಾನ ಶುರುವಾಗುವುದೇ ಇಂಥ ಲೆಕ್ಕಗಳಿಂದ. ಕರ್ನಾಟಕದ ಪಿಯು ಕಾಲೇಜುಗಳಲ್ಲಿ ನಡೆಯುವುದು ಎನ್‌ಸಿಇಆರ್‌ಟಿ ಪುಸ್ತಕ. ಅದರ ಮೊದಲ ಅಧ್ಯಾಯದಲ್ಲೇ ಮೋಲ್ ಪರಿಕಲ್ಪನೆ, ಅದರ ಬೆನ್ನಿಗೇ ಸ್ಟಾಯ್ಕಿಯೋಮೆಟ್ರಿ, ಅದರೊಳಗೆ ಲಿಮಿಟಿಂಗ್ ರಿಯೇಜೆಂಟ್. ಹತ್ತನೇ ತರಗತಿಯವರೆಗೆ ಸಮೀಕರಣ ಸರಿದೂಗಿಸಿದರೆ ಸಾಕಿತ್ತು. ಇಲ್ಲಿ ಅದೇ ಸಮೀಕರಣವನ್ನು ಹಿಡಿದು ಗ್ರಾಂ ಲೆಕ್ಕ ಹೇಳಬೇಕು. ಮೊದಲ ಅಸೈನ್‌ಮೆಂಟಿನಲ್ಲಿ ಅತಿ ಹೆಚ್ಚು ಕೆಂಪು ಗುರುತು ಬೀಳುವ ಜಾಗಗಳಲ್ಲಿ ಇದೂ ಒಂದು. ಹಾಗೆ ತಪ್ಪುವುದಕ್ಕೆ ಗಣಿತ ಕಾರಣವಲ್ಲ. ಇಲ್ಲಿರುವುದು ಗುಣಾಕಾರ, ಭಾಗಾಕಾರ ಅಷ್ಟೆ. ಎಡವುವುದು ಅದಕ್ಕೂ ಮುಂಚೆ, ಯಾವ ಅನಿಲ ಮೊದಲು ಮುಗಿಯುತ್ತದೆ ಎಂದು ತೀರ್ಮಾನಿಸುವಲ್ಲಿ.

ಮೇಲಿನ ಲೆಕ್ಕ ಅದೇ ಅಧ್ಯಾಯದ ಅಭ್ಯಾಸದಲ್ಲಿದೆ. ಪಾಠದೊಳಗೆ ಅದೇ ಅಮೋನಿಯದ ಇನ್ನೊಂದು ಲೆಕ್ಕವನ್ನು ಬಿಡಿಸಿ ತೋರಿಸಿದ್ದಾರೆ. ಅಲ್ಲಿ 50 ಕೆ.ಜಿ. ನೈಟ್ರೋಜನ್, 10 ಕೆ.ಜಿ. ಹೈಡ್ರೋಜನ್. ಕ್ರಿಯೆ ಒಂದೇ, ಪ್ರಶ್ನೆ ಒಂದೇ, ಬದಲಾಗಿರುವುದು ತೂಕ ಮಾತ್ರ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಬಿಡಿಸಿದರೆ, ವಿದ್ಯಾರ್ಥಿಗಳು ಅವಸರದಲ್ಲಿ ಹಿಡಿಯುವ ಎರಡು ಅಡ್ಡದಾರಿಗಳೂ ಬಯಲಾಗುತ್ತವೆ.

ಮೊದಲು ಸಮೀಕರಣ:

N₂ + 3H₂ → 2NH₃

ಇದು ಹೇಳುವುದು ಅಣುಗಳ ಎಣಿಕೆಯನ್ನು. ಒಂದು ನೈಟ್ರೋಜನ್ ಅಣುವಿಗೆ ಮೂರು ಹೈಡ್ರೋಜನ್ ಅಣು ಬೇಕು. ಆಗ ಎರಡು ಅಮೋನಿಯ ಅಣು ಹುಟ್ಟುತ್ತವೆ. ಗ್ರಾಂ, ಕೆ.ಜಿ.ಗಳ ಮಾತು ಇದರಲ್ಲಿ ಎಲ್ಲೂ ಇಲ್ಲ. ತೊಡಕು ಇರುವುದೇ ಇಲ್ಲಿ. ಅಣುಗಳು ಕೂಡುವುದು ಎಣಿಕೆಯ ಪ್ರಕಾರ, ಆದರೆ ನಮ್ಮ ಕೈಯಲ್ಲಿರುವುದು ತಕ್ಕಡಿ. ಹೈಡ್ರೋಜನ್ ಅಣು ತೀರಾ ಹಗುರ, ನೈಟ್ರೋಜನ್ ಅಣು ಅದರ ಹದಿನಾಲ್ಕರಷ್ಟು ಭಾರ. ಹಾಗಾಗಿ ಒಂದು ಗ್ರಾಂ ಹೈಡ್ರೋಜನ್‌ನಲ್ಲಿರುವ ಅಣುಗಳಷ್ಟನ್ನು ನೈಟ್ರೋಜನ್‌ನಲ್ಲಿ ಪಡೆಯಬೇಕಾದರೆ ಹದಿನಾಲ್ಕು ಗ್ರಾಂ ತೂಗಬೇಕು.

ತಕ್ಕಡಿಯ ತೂಕವನ್ನು ಎಣಿಕೆಗೆ ಬದಲಿಸಿಕೊಡುವ ಅಳತೆಯೇ ಮೋಲ್. ಒಂದು ಮೋಲ್ ಎಂದರೆ 6.02214076 × 10²³ ಕಣಗಳು. 2019ರ ಮೇ 20ರವರೆಗೆ ಇದರ ವ್ಯಾಖ್ಯೆ ಬೇರೆ ಇತ್ತು: 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟು ಕಣಗಳು ಒಂದು ಮೋಲ್ ಎನ್ನಲಾಗುತ್ತಿತ್ತು. ಅಂದಿನಿಂದ ಆ ಸಂಖ್ಯೆಯನ್ನೇ ನೇರವಾಗಿ ನಿಗದಿ ಮಾಡಲಾಗಿದೆ. ಅದಕ್ಕೆ ಇಟಲಿಯ ಅವೊಗಾಡ್ರೊ ಹೆಸರಿದೆಯಾದರೂ ಅದನ್ನು ಎಣಿಸಿದವನು ಅವನಲ್ಲ. ಒಂದೇ ತಾಪ, ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಸಮ ಸಂಖ್ಯೆಯ ಅಣುಗಳಿರುತ್ತವೆ ಎಂದು ಅವನು 1811ರಲ್ಲಿ ಹೇಳಿದ್ದ. ಆ ಸಂಖ್ಯೆಗೆ ಅವನ ಹೆಸರಿಡಬೇಕೆಂದು ಫ್ರಾನ್ಸಿನ ಜೀನ್ ಪೆರಿನ್ ಸೂಚಿಸಿದ್ದು ಅವನು ತೀರಿಹೋಗಿ ಅರ್ಧ ಶತಮಾನ ಕಳೆದ ಮೇಲೆ, 1909ರಲ್ಲಿ.

ಅಸೈನ್‌ಮೆಂಟಿನ ಮಟ್ಟಿಗೆ ಈ ದೊಡ್ಡ ಸಂಖ್ಯೆಯನ್ನು ಹೆಚ್ಚಿನ ಲೆಕ್ಕಗಳಲ್ಲಿ ಮುಟ್ಟುವುದೇ ಬೇಡ. ಒಂದು ಮೋಲ್ ಹೈಡ್ರೋಜನ್ ಅನಿಲದ ತೂಕ 2 ಗ್ರಾಂ, ನೈಟ್ರೋಜನ್ ಅನಿಲದ್ದು 28 ಗ್ರಾಂ, ಅಮೋನಿಯದ್ದು 17 ಗ್ರಾಂ ಎಂದು ಗೊತ್ತಿದ್ದರೆ ಸಾಕು. ಕೊಟ್ಟ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಮೋಲ್‌ಗಳು ಸಿಗುತ್ತವೆ. ಮೋಲ್ ಸಿಕ್ಕಮೇಲೆ ಸಮೀಕರಣದ ಒಂದು, ಮೂರು, ಎರಡು ಎಂಬ ಸಂಖ್ಯೆಗಳನ್ನು ಹಾಗೆಯೇ ಬಳಸಬಹುದು.

ಈಗ ಮೊದಲ ಲೆಕ್ಕ. ಎರಡು ಕೆ.ಜಿ. ಅಂದರೆ 2000 ಗ್ರಾಂ ನೈಟ್ರೋಜನ್. 28ರಿಂದ ಭಾಗಿಸಿದರೆ 71.4 ಮೋಲ್. ಒಂದು ಕೆ.ಜಿ. ಹೈಡ್ರೋಜನ್ ಎಂದರೆ 1000 ಗ್ರಾಂ. 2ರಿಂದ ಭಾಗಿಸಿದರೆ 500 ಮೋಲ್. ತೂಕದಲ್ಲಿ ಅರ್ಧದಷ್ಟೇ ಇದ್ದ ಹೈಡ್ರೋಜನ್ ಎಣಿಕೆಯಲ್ಲಿ ಏಳು ಪಾಲು ಮೀರಿಸಿತು. 71.4 ಮೋಲ್ ನೈಟ್ರೋಜನ್ ಪೂರ್ತಿ ಕೂಡಬೇಕಾದರೆ ಅದರ ಮೂರು ಪಟ್ಟು, ಅಂದರೆ 214.3 ಮೋಲ್ ಹೈಡ್ರೋಜನ್ ಬೇಕು. ಇರುವುದು 500. ಹೈಡ್ರೋಜನ್ ಧಾರಾಳವಾಗಿದೆ, ನೈಟ್ರೋಜನ್ ಮೊದಲು ಮುಗಿಯುತ್ತದೆ. ಅಮೋನಿಯ ಎಷ್ಟಾಗಬೇಕು ಎಂಬುದಕ್ಕೆ ಮಿತಿ ಹಾಕುವುದು ನೈಟ್ರೋಜನ್, ಆದ್ದರಿಂದ ಅದೇ ಲಿಮಿಟಿಂಗ್ ರಿಯೇಜೆಂಟ್.

ಮುಂದಿನದೆಲ್ಲ ನೈಟ್ರೋಜನ್‌ನ ಲೆಕ್ಕದಿಂದಲೇ ಹೊರಡಬೇಕು. ಒಂದು ಮೋಲ್ ನೈಟ್ರೋಜನ್‌ಗೆ ಎರಡು ಮೋಲ್ ಅಮೋನಿಯದಂತೆ 142.86 ಮೋಲ್, ಅದನ್ನು 17ರಿಂದ ಗುಣಿಸಿದರೆ ಸುಮಾರು 2428.6 ಗ್ರಾಂ. ಬಳಕೆಯಾದ ಹೈಡ್ರೋಜನ್ 428.6 ಗ್ರಾಂ, ಮಿಕ್ಕಿದ್ದು 571.4 ಗ್ರಾಂ.

ಇನ್ನು ಎರಡನೆಯದು. 50,000 ಗ್ರಾಂ ನೈಟ್ರೋಜನ್‌ನಲ್ಲಿ ಸುಮಾರು 1786 ಮೋಲ್‌ಗಳಿವೆ. 10,000 ಗ್ರಾಂ ಹೈಡ್ರೋಜನ್‌ನಲ್ಲಿ 5000 ಮೋಲ್. ನೈಟ್ರೋಜನ್ ಪೂರ್ತಿ ಕೂಡಲು 1786ರ ಮೂರು ಪಟ್ಟು, ಅಂದರೆ ಸುಮಾರು 5357 ಮೋಲ್ ಹೈಡ್ರೋಜನ್ ಬೇಕಿತ್ತು. ಇರುವುದು 5000 ಮಾತ್ರ. ಇಲ್ಲಿ ಹೈಡ್ರೋಜನ್ ಮೊದಲು ಮುಗಿಯುತ್ತದೆ. ಅಮೋನಿಯ 3333 ಮೋಲ್, ತೂಕ ಸುಮಾರು 56.7 ಕೆ.ಜಿ. ನೈಟ್ರೋಜನ್‌ನಲ್ಲಿ 46.7 ಕೆ.ಜಿ. ಖರ್ಚಾಗಿ 3.3 ಕೆ.ಜಿ. ಉಳಿಯುತ್ತದೆ.

ಮೊದಲ ಅಡ್ಡದಾರಿ ಯಾವುದೆಂದರೆ ‘ತೂಕ ಯಾವುದರದ್ದು ಕಡಿಮೆಯೋ ಅದೇ ಮೊದಲು ಮುಗಿಯುತ್ತದೆ’ ಎಂಬುದು. ಎರಡೂ ಲೆಕ್ಕಗಳಲ್ಲಿ ತೂಕ ಕಡಿಮೆ ಇರುವುದು ಹೈಡ್ರೋಜನ್‌ನದು. ಈ ನಂಬಿಕೆಯಲ್ಲಿ ಹೋದವರಿಗೆ ಎರಡನೆಯ ಲೆಕ್ಕ ಸರಿ ಬರುತ್ತದೆ, ಮೊದಲನೆಯದು ತಪ್ಪುತ್ತದೆ. ಇನ್ನೊಂದು ಅಡ್ಡದಾರಿ ಸ್ವಲ್ಪ ಓದಿಕೊಂಡವರದು: ‘ಮೋಲ್ ಯಾವುದರದ್ದು ಕಡಿಮೆಯೋ ಅದೇ ಮೊದಲು ಮುಗಿಯುತ್ತದೆ.’ ಎರಡೂ ಲೆಕ್ಕಗಳಲ್ಲಿ ಮೋಲ್ ಕಡಿಮೆ ಇರುವುದು ನೈಟ್ರೋಜನ್‌ನದು. ಇವರಿಗೆ ಮೊದಲನೆಯದು ಸರಿ ಬರುತ್ತದೆ, ಎರಡನೆಯದು ಕೈಕೊಡುತ್ತದೆ. ಒಂದೇ ಒಂದು ಲೆಕ್ಕ ಮಾಡಿ ಹಿಂದಿನ ಪುಟದ ಉತ್ತರದೊಂದಿಗೆ ಹೋಲಿಸಿದವರಿಗೆ ತಮ್ಮ ದಾರಿ ತಪ್ಪೆಂದು ತಿಳಿಯುವುದೇ ಇಲ್ಲ, ಏಕೆಂದರೆ ತಪ್ಪು ದಾರಿಯಲ್ಲೂ ಸರಿ ಉತ್ತರ ಸಿಕ್ಕಿರುತ್ತದೆ. ಲಿಮಿಟಿಂಗ್ ರಿಯೇಜೆಂಟ್ ಅಷ್ಟು ಮಕ್ಕಳನ್ನು ಅಷ್ಟು ದಿನ ಕಾಡುವುದಕ್ಕೆ ಇದು ದೊಡ್ಡ ಕಾರಣ.

ಮೋಲ್ ಹೆಚ್ಚಿದ್ದೂ ಒಂದು ವಸ್ತು ಮೊದಲು ಮುಗಿಯುವುದು ಹೇಗೆ? ಆಟೊ ಜೋಡಿಸುವ ಕಡೆ ಹತ್ತು ಬಾಡಿ, ಇಪ್ಪತ್ನಾಲ್ಕು ಗಾಲಿ ಇವೆ ಎಂದುಕೊಳ್ಳಿ. ಎಣಿಕೆಯಲ್ಲಿ ಗಾಲಿಗಳೇ ಹೆಚ್ಚು. ಆದರೆ ಒಂದೊಂದು ಆಟೊಗೂ ಮೂರು ಗಾಲಿ ಬೇಕಾದ್ದರಿಂದ ಎಂಟು ಆಟೊ ಆಗುವಷ್ಟರಲ್ಲಿ ಗಾಲಿ ಖಾಲಿ. ಎರಡು ಬಾಡಿ ಸುಮ್ಮನೆ ನಿಲ್ಲುತ್ತವೆ. ಇಪ್ಪತ್ನಾಲ್ಕನ್ನು ಹತ್ತರೊಂದಿಗೆ ಹೋಲಿಸಬಾರದು, ಇಪ್ಪತ್ನಾಲ್ಕನ್ನು ಮೂರರಿಂದ ಭಾಗಿಸಿ ಬಂದ ಎಂಟನ್ನು ಹತ್ತರೊಂದಿಗೆ ಹೋಲಿಸಬೇಕು.

ಅನಿಲಗಳಿಗೂ ಅದೇ ನ್ಯಾಯ. ಪ್ರತಿಯೊಂದರ ಮೋಲ್ ಸಂಖ್ಯೆಯನ್ನು ಸಮೀಕರಣದಲ್ಲಿ ಅದರ ಹಿಂದಿರುವ ಸಂಖ್ಯೆಯಿಂದ ಭಾಗಿಸಬೇಕು. ಮೊದಲ ಲೆಕ್ಕದಲ್ಲಿ ನೈಟ್ರೋಜನ್‌ಗೆ 71.4 ಬರುತ್ತದೆ, ಹೈಡ್ರೋಜನ್‌ಗೆ 500ನ್ನು ಮೂರರಿಂದ ಭಾಗಿಸಿ 166.7. ಎರಡನೆಯದರಲ್ಲಿ ನೈಟ್ರೋಜನ್‌ಗೆ 1786, ಹೈಡ್ರೋಜನ್‌ಗೆ 1667. ಯಾವುದು ಚಿಕ್ಕದೋ ಅದೇ ಲಿಮಿಟಿಂಗ್ ರಿಯೇಜೆಂಟ್. ಹೀಗೆ ಭಾಗಿಸಿ ಬಂದ ಸಂಖ್ಯೆ ಹೇಳುವುದು ಆ ವಸ್ತುವಿನಿಂದ ಕ್ರಿಯೆ ಎಷ್ಟು ಸುತ್ತು ನಡೆಯಬಹುದು ಎಂಬುದನ್ನು. ಎರಡನೆಯ ಲೆಕ್ಕದಲ್ಲಿ 1667 ಸುತ್ತು; ಒಂದು ಸುತ್ತಿಗೆ ಎರಡು ಅಮೋನಿಯದಂತೆ 3333. ಇಲ್ಲಿ ಒಂದು ಎಚ್ಚರಿಕೆ ಬೇಕು. 1667 ಎಂಬುದು ಹೈಡ್ರೋಜನ್‌ನ ಮೋಲ್ ಅಲ್ಲ, ಅದರ ಮೋಲ್ 5000ವೇ. ಭಾಗಿಸಿದ ಸಂಖ್ಯೆಯನ್ನೇ ಮೋಲ್ ಎಂದು ಭಾವಿಸಿ 2ರಿಂದ ಗುಣಿಸಿ ಹೈಡ್ರೋಜನ್‌ನ ತೂಕ ಎಂದು ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ.

ಇದನ್ನು ತೂಕದಲ್ಲೇ ನೋಡಬೇಕೆನಿಸಿದರೆ ಅದೂ ಸಾಧ್ಯ. 28 ಗ್ರಾಂ ನೈಟ್ರೋಜನ್‌ಗೆ 6 ಗ್ರಾಂ ಹೈಡ್ರೋಜನ್ ಬೇಕು. ಅಂದರೆ ಒಂದು ಕೆ.ಜಿ. ಹೈಡ್ರೋಜನ್‌ಗೆ ಸುಮಾರು 4.67 ಕೆ.ಜಿ. ನೈಟ್ರೋಜನ್. ಮೊದಲ ಲೆಕ್ಕದಲ್ಲಿ ಒಂದಕ್ಕೆ ಎರಡು ಕೆ.ಜಿ.ಯಷ್ಟೇ ಇದೆ, ನೈಟ್ರೋಜನ್ ಸಾಲದು. ಎರಡನೆಯದರಲ್ಲಿ ಒಂದಕ್ಕೆ ಐದು ಇದೆ, ಸ್ವಲ್ಪ ಹೆಚ್ಚಾಯಿತು. ಈ 4.67ರ ಗೆರೆಯ ಆಚೆಗೊಂದು ಈಚೆಗೊಂದು ಬೀಳುವುದರಿಂದಲೇ ಎರಡು ಲೆಕ್ಕಗಳ ಉತ್ತರ ಬೇರೆಯಾಗಿದೆ.

ಇನ್ನು ತಾಳೆ ನೋಡುವ ವಿಷಯ. ಲಿಮಿಟಿಂಗ್ ರಿಯೇಜೆಂಟ್ ಲೆಕ್ಕಗಳಿಗೆ ಬೇರೆ ಲೆಕ್ಕಗಳಿಗಿಲ್ಲದ ಅನುಕೂಲವೊಂದಿದೆ: ಉತ್ತರ ಸರಿಯೋ ತಪ್ಪೋ ಎಂದು ಹಿಂದಿನ ಪುಟ ತಿರುವದೆಯೇ ತಿಳಿಯಬಹುದು. ರಾಸಾಯನಿಕ ಕ್ರಿಯೆಯಲ್ಲಿ ತೂಕ ಎಲ್ಲಿಗೂ ಹೋಗುವುದಿಲ್ಲ. ಮೊದಲ ಲೆಕ್ಕದಲ್ಲಿ ಒಳಗೆ ಹಾಕಿದ್ದು 3000 ಗ್ರಾಂ. ಹೊರಗೆ ಬಂದ ಅಮೋನಿಯ 2428.6, ಮಿಕ್ಕ ಹೈಡ್ರೋಜನ್ 571.4, ಕೂಡಿದರೆ 3000. ಎರಡನೆಯದರಲ್ಲಿ 56.7 ಮತ್ತು 3.3, ಕೂಡಿದರೆ 60 ಕೆ.ಜಿ.

ಈ ಒಂದು ಸಾಲಿನ ತಾಳೆ ಎಷ್ಟೆಲ್ಲ ತಪ್ಪು ಹಿಡಿಯುತ್ತದೆ ನೋಡಿ. ಮೊದಲ ಲೆಕ್ಕದಲ್ಲಿ ಯಾರಾದರೂ ಹೈಡ್ರೋಜನ್‌ನಿಂದ ಅಮೋನಿಯ ಲೆಕ್ಕ ಹಾಕಿದರೆಂದು ಇಟ್ಟುಕೊಳ್ಳೋಣ. 500 ಮೋಲ್ ಹೈಡ್ರೋಜನ್‌ಗೆ 333.3 ಮೋಲ್ ಅಮೋನಿಯ, ತೂಕ 5667 ಗ್ರಾಂ. ಮೂರು ಕೆ.ಜಿ. ಹಾಕಿ ಐದೂವರೆ ಕೆ.ಜಿ.ಗಿಂತ ಹೆಚ್ಚು ತೆಗೆಯಲು ಯಾವ ಕ್ರಿಯೆಯಿಂದಲೂ ಆಗದು. ಎರಡನೆಯದರಲ್ಲಿ ನೈಟ್ರೋಜನ್‌ನಿಂದ ಹೊರಟರೆ 60.7 ಕೆ.ಜಿ. ಬರುತ್ತದೆ. ಹಾಕಿದ್ದು 60. ಮೀರಿದ್ದು ಸ್ವಲ್ಪವೇ ಆದರೂ ಮೀರಿದ್ದು ಮೀರಿದ್ದೇ. ಉತ್ಪನ್ನ ಒಂದೇ ಇರುವ ಕ್ರಿಯೆಗಳಲ್ಲಿ ಮಿಕ್ಕುವ ವಸ್ತುವಿನಿಂದ ಲೆಕ್ಕ ಹಾಕಿದಾಗಲೆಲ್ಲ ಹೀಗೇ ಆಗುತ್ತದೆ, ಏಕೆಂದರೆ ಆ ಲೆಕ್ಕ ನಮ್ಮ ಬಳಿ ಇಲ್ಲದ ಇನ್ನೊಂದು ವಸ್ತುವನ್ನು ಕದ್ದು ಒಳಗೆ ಸೇರಿಸಿಕೊಂಡಿರುತ್ತದೆ.

ಇನ್ನೊಂದು ತೀರಾ ಸಾಮಾನ್ಯವಾದ ತಪ್ಪು, ನೈಟ್ರೋಜನ್‌ಗೆ 28ರ ಬದಲು 14 ಹಾಕುವುದು. ಕೋಷ್ಟಕದಲ್ಲಿ ಕಾಣುವ 14 ಒಂದು ಪರಮಾಣುವಿನದು. ಅನಿಲದ ಅಣುವಿನಲ್ಲಿ ಪರಮಾಣು ಎರಡಿವೆ. ಮೊದಲ ಲೆಕ್ಕದಲ್ಲಿ 14 ಹಾಕಿದರೆ ನೈಟ್ರೋಜನ್ 142.9 ಮೋಲ್ ಆಗುತ್ತದೆ, ಅದಕ್ಕೆ ಬೇಕಾಗುವ ಹೈಡ್ರೋಜನ್ 428.6 ಮೋಲ್. ಇರುವುದು 500 ಆದ್ದರಿಂದ ನೈಟ್ರೋಜನ್ನೇ ಲಿಮಿಟಿಂಗ್ ಎಂಬ ಸರಿಯಾದ ತೀರ್ಮಾನವೂ ಬಂದುಬಿಡುತ್ತದೆ. ಆದರೆ ಅಮೋನಿಯ 4857 ಗ್ರಾಂ! ತೂಕದ ತಾಳೆ ಇಲ್ಲದಿದ್ದರೆ ಈ ತಪ್ಪು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಹೀಗೆ ತಾಳೆ ನೋಡಿದ ಮೇಲೂ ಒಂದು ಗೊಂದಲ ಉಳಿಯಬಹುದು. ಎರಡನೆಯ ಲೆಕ್ಕಕ್ಕೆ ಪಠ್ಯಪುಸ್ತಕ ಕೊಟ್ಟಿರುವ ಉತ್ತರ 56.1 ಕೆ.ಜಿ., ಮೇಲೆ ಬಂದದ್ದು 56.7. ಯಾರದ್ದು ಸರಿ? ಹೈಡ್ರೋಜನ್ ಅಣುವಿಗೆ ಪುಸ್ತಕ 2ರ ಬದಲು 2.016 ಹಾಕಿದೆ. ಹಾಗಾಗಿ ಅಲ್ಲಿ ಹೈಡ್ರೋಜನ್ 5000 ಮೋಲ್ ಅಲ್ಲ, 4960. ನಡುವಿನ ಹಂತದಲ್ಲಿ ಅಂಕಿಗಳನ್ನು ಮೂರಕ್ಕೆ ಇಳಿಸಿಕೊಂಡದ್ದರಿಂದ ಇನ್ನಷ್ಟು ಕಡಿಮೆಯಾಗಿ 56.1ಕ್ಕೆ ನಿಂತಿದೆ. ನಡುವೆ ಎಲ್ಲೂ ಇಳಿಸದೆ ಕೊನೆಯವರೆಗೆ ಹೋದರೆ ಸುಮಾರು 56.3 ಬರುತ್ತದೆ. ವಿಧಾನ ಒಂದೇ ಆಗಿದ್ದರೆ ಶೇಕಡ ಒಂದರಷ್ಟು ವ್ಯತ್ಯಾಸಕ್ಕೆ ಹೆದರಿ ಹಾಳೆ ಹರಿಯಬೇಕಿಲ್ಲ. ಆದರೆ ನಡುವಿನ ಹಂತಗಳಲ್ಲಿ ಅಂಕಿಗಳನ್ನು ಕತ್ತರಿಸದೆ ಕೊನೆಯಲ್ಲಿ ಒಮ್ಮೆ ಇಳಿಸುವ ಅಭ್ಯಾಸ ಒಳ್ಳೆಯದು.

ಪ್ರಶ್ನೆ ಓದುವಾಗಲೇ ಇದು ಲಿಮಿಟಿಂಗ್ ರಿಯೇಜೆಂಟ್ ಲೆಕ್ಕ ಎಂದು ಗುರುತಿಸುವುದು ಕಷ್ಟವಲ್ಲ. ಕೂಡುವ ಎರಡೂ ವಸ್ತುಗಳ ಪ್ರಮಾಣ ಕೊಟ್ಟಿದ್ದರೆ ಯಾವುದು ಮುಗಿಯುತ್ತದೆಂದು ನೋಡಲೇಬೇಕು. ಒಂದರ ಪ್ರಮಾಣವಷ್ಟೇ ಕೊಟ್ಟು ಇನ್ನೊಂದು ಬೇಕಾದಷ್ಟಿದೆ ಎಂದಿದ್ದರೆ ನೋಡಬೇಕಿಲ್ಲ. ಇದೇ ಅಧ್ಯಾಯದಲ್ಲಿ ಇಂಗಾಲ ಸುಡುವ ಲೆಕ್ಕವೊಂದಿದೆ. ಒಂದು ಮೋಲ್ ಇಂಗಾಲವನ್ನು ಗಾಳಿಯಲ್ಲಿ ಸುಟ್ಟರೆ ಎಷ್ಟು ಕಾರ್ಬನ್ ಡೈಆಕ್ಸೈಡ್? ಗಾಳಿಗೆ ಕೊರತೆಯಿಲ್ಲ, ಉತ್ತರ ನೇರವಾಗಿ 44 ಗ್ರಾಂ. ಅದೇ ಒಂದು ಮೋಲನ್ನು 16 ಗ್ರಾಂ ಆಕ್ಸಿಜನ್‌ನಲ್ಲಿ ಸುಟ್ಟರೆ? 16 ಗ್ರಾಂ ಎಂದರೆ ಅರ್ಧ ಮೋಲ್ ಅನಿಲ. ಉತ್ತರ 22 ಗ್ರಾಂ. ಇಂಗಾಲವನ್ನು ಎರಡು ಮೋಲ್‌ಗೆ ಏರಿಸಿ ಆಕ್ಸಿಜನ್ 16 ಗ್ರಾಂ ಹಾಗೇ ಇಟ್ಟರೆ? ಆಗಲೂ 22 ಗ್ರಾಂ. ಮಿತಿ ಹಾಕಿದ್ದು ಆಕ್ಸಿಜನ್ ಆದ್ದರಿಂದ ಇಂಗಾಲವನ್ನು ಎಷ್ಟು ಸುರಿದರೂ ಲೆಕ್ಕ ಕದಲುವುದಿಲ್ಲ.

ಕಾಗದದ ಮೇಲಿನ ಮಾತು ಇದು. ನಿಜವಾದ ಒಲೆಯಲ್ಲಿ ಆಕ್ಸಿಜನ್ ಸಾಲದೆ ಹೋದರೆ ಇಂಗಾಲ ಸುಮ್ಮನೆ ಮಿಕ್ಕಿ ಕೂರುವುದಿಲ್ಲ. ಒಂದಷ್ಟು ಭಾಗ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಕೆಂಡ ಇಟ್ಟುಕೊಂಡು ಮಲಗಿದವರು ಸಾಯುವುದು ಈ ಕಾರಣಕ್ಕೇ. ಬರೆದ ಸಮೀಕರಣ ಬಿಟ್ಟು ಬೇರೆ ಯಾವ ಕ್ರಿಯೆಯೂ ನಡೆಯುವುದಿಲ್ಲ ಎಂಬ ಷರತ್ತಿನ ಮೇಲೆ ಲಿಮಿಟಿಂಗ್ ರಿಯೇಜೆಂಟ್ ಲೆಕ್ಕ ನಿಂತಿದೆ. ಅಸೈನ್‌ಮೆಂಟಿನಲ್ಲಿ ಆ ಷರತ್ತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅಮೋನಿಯದ ಲೆಕ್ಕದಲ್ಲೂ ಇಂಥದೊಂದು ಷರತ್ತಿದೆ. ಜರ್ಮನಿಯ ಫ್ರಿಟ್ಸ್ ಹೇಬರ್ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ ಈ ಕ್ರಿಯೆಯನ್ನು ಕಾರ್ಲ್ ಬಾಷ್ ಕಾರ್ಖಾನೆಗೆ ತಂದ. 1913ರಲ್ಲಿ ಓಪೌ ಎಂಬಲ್ಲಿ ಉತ್ಪಾದನೆ ಆರಂಭವಾಯಿತು. ಯೂರಿಯಾ ಗೊಬ್ಬರಕ್ಕೆ ಬೇಕಾದ ಅಮೋನಿಯ ಇಂದಿಗೂ ಹುಟ್ಟುವುದು ಈ ವಿಧಾನದಲ್ಲೇ. ಆದರೆ ಕ್ರಿಯೆ ಎರಡೂ ದಿಕ್ಕಿಗೆ ನಡೆಯುತ್ತದೆ. ಆದ ಅಮೋನಿಯ ಮತ್ತೆ ಒಡೆದು ಮೂಲ ಅನಿಲಗಳಾಗುತ್ತಲೂ ಇರುತ್ತದೆ. ಹಾಗಾಗಿ ಕಬ್ಬಿಣದ ವೇಗವರ್ಧಕದ ಮೇಲೆ ಒಂದು ಸಲ ಹಾದುಹೋದಾಗ ಅನಿಲದ ಸಣ್ಣ ಪಾಲಷ್ಟೇ ಅಮೋನಿಯ ಆಗುತ್ತದೆ. ಅದನ್ನು ತಂಪುಮಾಡಿ ದ್ರವವಾಗಿ ಬೇರ್ಪಡಿಸಿ, ಉಳಿದ ಅನಿಲವನ್ನು ಮತ್ತೆ ಮತ್ತೆ ಒಳಗೆ ಕಳಿಸುತ್ತಾರೆ. ಒಳಗೆ ಹೋಗುವ ಹೈಡ್ರೋಜನ್, ನೈಟ್ರೋಜನ್‌ಗಳನ್ನು ಸರಿಸುಮಾರು ಮೂರಕ್ಕೆ ಒಂದರಂತೆ ಹೊಂದಿಸಿರುವುದರಿಂದ ಅಲ್ಲಿ ಯಾವುದೂ ಹೆಚ್ಚೆಂದು ಮಿಕ್ಕುವ ಪ್ರಶ್ನೆ ಬರುವುದಿಲ್ಲ.

ಆದ್ದರಿಂದ 56.7 ಕೆ.ಜಿ. ಎಂಬ ಉತ್ತರ ಹೇಳುವುದು ಗರಿಷ್ಠ ಎಷ್ಟು ಸಿಗಬಹುದು ಎಂಬುದನ್ನು ಮಾತ್ರ. ಪ್ರವೇಶ ಪರೀಕ್ಷೆಯ ಅಭ್ಯಾಸ ಪುಸ್ತಕಗಳು ಇದರ ಮೇಲೆ ಇನ್ನೊಂದು ಮೆಟ್ಟಿಲು ಕಟ್ಟುತ್ತವೆ: ಅದೇ 50 ಕೆ.ಜಿ. ನೈಟ್ರೋಜನ್, 10 ಕೆ.ಜಿ. ಹೈಡ್ರೋಜನ್‌ನಿಂದ ನಿಜವಾಗಿ ಸಿಕ್ಕ ಅಮೋನಿಯ 50 ಕೆ.ಜಿ. ಎಂದಾದರೆ ಇಳುವರಿ ಶೇಕಡ ಎಷ್ಟು? 50ನ್ನು 56.7ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 88. ಲಿಮಿಟಿಂಗ್ ರಿಯೇಜೆಂಟ್ ತಪ್ಪಿ 60.7ರಿಂದ ಭಾಗಿಸಿದವರಿಗೆ 82 ಬರುತ್ತದೆ. ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಆ 82 ಕೂಡ ಸಾಮಾನ್ಯವಾಗಿ ಒಂದಾಗಿರುತ್ತದೆ.